ಸಕ್ಕರೆ ಕಡಿಮೆಯ ಸಿಹಿ: ನಮ್ಮ ಹೊಸ ತಟ್ಟೆಗಳಲ್ಲಿ ಯಾವುದು ಯಾರಿಗೆ

ಈ ದೀಪಾವಳಿಯಿಂದ ಮೈಸೂರಿನ ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಮೂರು ಹೊಸ ತಟ್ಟೆಗಳು ಇರುತ್ತವೆ. ಒಂದು, ಸಕ್ಕರೆ ಕಡಿಮೆ ಮಾಡಿದ ಮೈಸೂರು ಪಾಕ್. ಎರಡನೆಯದು, ಸಕ್ಕರೆ ಸೇರಿಸದ ಹಾಲಿನ ಪೇಡ. ಮೂರನೆಯದು ಖರ್ಜೂರದ ಉಂಡೆ. ಹಳೆಯ ಮೈಸೂರು ಪಾಕ್, ಹಳೆಯ ಪೇಡ ಎರಡೂ ಪಕ್ಕದಲ್ಲೇ ಮೊದಲಿನಂತೆ ಇರುತ್ತವೆ. ಅವನ್ನು ತೆಗೆಯುವ ಯೋಚನೆ ನಮಗಿಲ್ಲ.

ಹೊಸದನ್ನು ತಂದ ಕೂಡಲೇ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ ಒಂದೇ: «ನನಗೆ ಶುಗರ್ ಇದೆ, ಇದನ್ನು ತಿನ್ನಬಹುದೇ?» ಹೌದು ಎಂದರೆ ಅರ್ಧ ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ಇಲ್ಲ ಎಂದರೆ ಮತ್ತೇಕೆ ಮಾಡಿದಿರಿ ಎನ್ನುತ್ತಾರೆ. ಎರಡು ಉತ್ತರವೂ ಪೂರ್ತಿ ನಿಜವಲ್ಲದ ಕಾರಣ, ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳಲಾಗದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಹಿತಿಂಡಿಯಿಂದ ಸಕ್ಕರೆಯನ್ನು ತೆಗೆದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಬೇರೆ ಏನೋ ಬಂದು ಕೂರುತ್ತದೆ. ಬಂದು ಕೂತದ್ದು ಏನು ಎಂಬುದು ಗೊತ್ತಾದರೆ ಯಾವ ತಟ್ಟೆ ನಿಮಗೆ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಡಬ್ಬಿಯ ಮೇಲಿನ ಮಾತುಗಳು

ಮೊದಲು ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ನಿಯಮಗಳನ್ನು ತಂದಿದೆ. ಅದರ ಪ್ರಕಾರ ಗಟ್ಟಿ ತಿನಿಸೊಂದನ್ನು «ಶುಗರ್ ಫ್ರೀ» ಎಂದು ಕರೆಯಬೇಕಾದರೆ ನೂರು ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. «ಲೋ ಶುಗರ್» ಎನ್ನಬೇಕಾದರೆ ಐದು ಗ್ರಾಂ ಮೀರಬಾರದು. ಮೊದಲಿಗಿಂತ ಕಡಿಮೆ ಮಾಡಿದ್ದೇವೆ ಎಂದು ಹೇಳಬೇಕಾದರೆ, ಅದೇ ಬಗೆಯ ಮಾಮೂಲಿ ತಿನಿಸಿನೊಂದಿಗೆ ಹೋಲಿಸಿದಾಗ ಕನಿಷ್ಠ 25 ಶೇಕಡಾ ಇಳಿದಿರಬೇಕು. ಇಲ್ಲಿ ಸಕ್ಕರೆ ಎಂದರೆ ಚೀಲದಿಂದ ಸುರಿದ ಬಿಳಿ ಸಕ್ಕರೆ ಮಾತ್ರವಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್, ಖರ್ಜೂರದಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಲ್ಲವೂ ಸೇರಿ.

«ಸಕ್ಕರೆ ಸೇರಿಸಿಲ್ಲ» ಎಂಬುದು ಇವೆಲ್ಲಕ್ಕಿಂತ ಬೇರೆಯ ಮಾತು. ತಯಾರಿಸಿದವನು ಏನು ಹಾಕಲಿಲ್ಲ ಎಂಬುದನ್ನು ಅದು ಹೇಳುತ್ತದೆ, ತಿನಿಸಿನಲ್ಲಿ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಪದಾರ್ಥದಲ್ಲಿ ಸಹಜವಾಗಿಯೇ ಸಕ್ಕರೆ ಇದ್ದರೆ ಅದನ್ನೂ ಡಬ್ಬಿಯ ಮೇಲೆ ಬರೆಯಬೇಕು. ಬರೆದಿರುತ್ತಾರೆ, ಆದರೆ ಅಕ್ಷರದ ಗಾತ್ರ ನೋಡಿದರೆ ಯಾರೂ ಓದಬಾರದು ಎಂದೇ ಬರೆದಂತಿರುತ್ತದೆ.

ಇನ್ನೊಂದು ಸಂಗತಿ. ತಿನಿಸು ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಬರೆದು ಮಾರುವ ಹಕ್ಕು ಸಿಹಿ ಅಂಗಡಿಗೆ ಇಲ್ಲ. «ಮಧುಮೇಹಿಗಳಿಗೆ ಸುರಕ್ಷಿತ» ಎಂಬ ಫಲಕವನ್ನು ನಮ್ಮಲ್ಲಿ ನೀವು ಕಾಣುವುದಿಲ್ಲ. ಬೇರೆಡೆ ಕಂಡರೆ, ಎಷ್ಟು ತುಂಡು ತಿಂದರೆ ಸುರಕ್ಷಿತ ಎಂದು ಕೇಳಿ ನೋಡಿ.

ಮೈಸೂರು ಪಾಕ್: ಸಕ್ಕರೆ ಇಳಿಯಿತು, ಕ್ಯಾಲೊರಿ ಇಳಿಯಲಿಲ್ಲ

ನಮ್ಮ ಹಳೆಯ ಅಳತೆ ಹೀಗಿದೆ: ಒಂದು ಕಿಲೋ ಕಡಲೆಹಿಟ್ಟು, ಎರಡು ಕಿಲೋ ಸಕ್ಕರೆ, ಎರಡು ಕಿಲೋ ತುಪ್ಪ. ಪಾಕದ ನೀರು ಬಹುಪಾಲು ಆವಿಯಾಗಿ ಹೋಗುವುದರಿಂದ ಲೆಕ್ಕಕ್ಕೆ ಐದು ಕಿಲೋ ಮೈಸೂರು ಪಾಕ್ ಎಂದುಕೊಳ್ಳಿ. ಅಂದರೆ ನೂರು ಗ್ರಾಂನಲ್ಲಿ ನಲವತ್ತು ಗ್ರಾಂ ಸಕ್ಕರೆ, ನಲವತ್ತು ಗ್ರಾಂ ತುಪ್ಪ, ಇಪ್ಪತ್ತು ಗ್ರಾಂ ಹಿಟ್ಟು. ಸುಮಾರು 590 ಕ್ಯಾಲೊರಿ. ಅದರಲ್ಲಿ 360 ತುಪ್ಪದಿಂದಲೇ ಬರುತ್ತದೆ, ಸಕ್ಕರೆಯದು 160.

ಈಗ ಸಕ್ಕರೆಯನ್ನು 30 ಶೇಕಡಾ ಕಡಿಮೆ ಮಾಡೋಣ. ಎರಡು ಕಿಲೋ ಬದಲು ಒಂದು ಕಿಲೋ ನಾನೂರು ಗ್ರಾಂ. ಉಳಿದದ್ದನ್ನು ಮುಟ್ಟುವುದಿಲ್ಲ. «ಮೂವತ್ತು ಶೇಕಡಾ ಕಡಿಮೆ ಸಕ್ಕರೆ» ಎಂದು ಫಲಕ ಬರೆಸಲು ಇಷ್ಟು ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈಗ ಬಾಣಲೆಯಿಂದ ಇಳಿಯುವುದು ಐದು ಕಿಲೋ ಅಲ್ಲ, ನಾಲ್ಕು ಕಿಲೋ ನಾನೂರು ಗ್ರಾಂ. ಒಂದು ಕಿಲೋ ನಾನೂರು ಗ್ರಾಂ ಸಕ್ಕರೆಯನ್ನು ಅದಕ್ಕೆ ಹಂಚಿದರೆ ನೂರು ಗ್ರಾಂಗೆ ಸುಮಾರು 32 ಗ್ರಾಂ ಆಯಿತು. ನಲವತ್ತರಿಂದ ಮೂವತ್ತೆರಡಕ್ಕೆ ಇಳಿದರೆ 20 ಶೇಕಡಾ ಮಾತ್ರ. ನಿಯಮ ಕೇಳುವ 25ನ್ನೂ ಅದು ಮುಟ್ಟಲಿಲ್ಲ. ಸಕ್ಕರೆ ತೆಗೆದ ಜಾಗವನ್ನು ತುಪ್ಪ ಹಿಡಿದುಕೊಂಡಿದ್ದರಿಂದ ಕ್ಯಾಲೊರಿ 620ಕ್ಕೆ ಏರಿತು. ಸಕ್ಕರೆ ಕಡಿಮೆಯ ತಿಂಡಿ ಎಂದು ಕೊಂಡವರು ಹಳೆಯದಕ್ಕಿಂತ ಹೆಚ್ಚು ಕೊಬ್ಬಿನ ತುಂಡನ್ನು ಮನೆಗೆ ಒಯ್ದಂತಾಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಲೆಕ್ಕವನ್ನು ಬಾಣಲೆಗೆ ಹಾಕಿದರೇ ಹೊರತು ತುಂಡಿಗೆ ಹಾಕಲಿಲ್ಲ.

ಆದ್ದರಿಂದ ನಮ್ಮ ಹೊಸ ಅಳತೆಯಲ್ಲಿ ಮೂರನ್ನೂ ಬದಲಾಯಿಸಬೇಕಾಯಿತು: ಕಡಲೆಹಿಟ್ಟು ಒಂದು ಕಿಲೋ ಮುನ್ನೂರು ಗ್ರಾಂ, ಸಕ್ಕರೆ ಒಂದು ಕಿಲೋ ನೂರು ಗ್ರಾಂ, ತುಪ್ಪ ಒಂದು ಕಿಲೋ ಆರುನೂರು ಗ್ರಾಂ. ಒಟ್ಟು ನಾಲ್ಕು ಕಿಲೋ. ನೂರು ಗ್ರಾಂನಲ್ಲಿ ಸೇರಿಸಿದ ಸಕ್ಕರೆ ಇಪ್ಪತ್ತೇಳೂವರೆ ಗ್ರಾಂ, ಅಂದರೆ ಹಳೆಯದಕ್ಕಿಂತ 31 ಶೇಕಡಾ ಕಡಿಮೆ. ಕಡಲೆಹಿಟ್ಟಿನಲ್ಲೇ ಇರುವ ಅಲ್ಪ ಸಕ್ಕರೆಯನ್ನು ಎರಡೂ ಕಡೆ ಕೂಡಿಸಿದರೂ 25ರ ಗೆರೆ ದಾಟುತ್ತದೆ. ಹಾಗೆ ದಾಟಲೆಂದೇ ಸ್ವಲ್ಪ ಹೆಚ್ಚು ಇಳಿಸಿದ್ದೇವೆ. ಕ್ಯಾಲೊರಿ? ಮತ್ತೆ ಸುಮಾರು 590. ಒಂದಿಷ್ಟೂ ಇಳಿಯಲಿಲ್ಲ. ಸಕ್ಕರೆ ಹೋದಲ್ಲಿಗೆ ಹಿಟ್ಟು ಬಂದಿದೆ, ತುಪ್ಪ ಇದ್ದಲ್ಲೇ ಇದೆ.

ಹಿಟ್ಟು ಬಂದದ್ದರಿಂದ ಇನ್ನೊಂದು ಪರಿಣಾಮವೂ ಇದೆ. ಕಡಲೆಹಿಟ್ಟಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಬೋಹೈಡ್ರೇಟ್, ಅದರಲ್ಲಿ ಹೆಚ್ಚಿನದು ಪಿಷ್ಟ. ಅದೂ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ, ಬಿಳಿ ಸಕ್ಕರೆಗಿಂತ ನಿಧಾನವಾಗಿ ಅಷ್ಟೆ. ಸಕ್ಕರೆ ನೂರು ಗ್ರಾಂಗೆ ಹನ್ನೆರಡೂವರೆ ಗ್ರಾಂ ಇಳಿದರೂ ಒಟ್ಟು ಕಾರ್ಬೋಹೈಡ್ರೇಟ್ ಇಳಿಯುವುದು ಐದಾರು ಗ್ರಾಂ ಮಾತ್ರ. ಇನ್ಸುಲಿನ್ ಲೆಕ್ಕ ಹಾಕಿ ಊಟ ಮಾಡುವವರು ನೋಡಬೇಕಾದದ್ದು ಈ ಒಟ್ಟು ಮೊತ್ತವನ್ನು. ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವ ಶೇಕಡಾವಾರು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ತುಂಡಿನ ಲೆಕ್ಕದಲ್ಲಿ ನೋಡಿ. ನಮ್ಮ ಒಂದು ತುಂಡು ನಲವತ್ತು ಗ್ರಾಂ ತೂಗುತ್ತದೆ. ಹಳೆಯದರಲ್ಲಿ ಹದಿನಾರು ಗ್ರಾಂ ಸಕ್ಕರೆ, ಹೊಸದರಲ್ಲಿ ಹನ್ನೊಂದು. ಉಳಿತಾಯ ಐದು ಗ್ರಾಂ, ಒಂದು ಟೀ ಚಮಚ. ಸಕ್ಕರೆ ಕಡಿಮೆ ತಾನೇ ಎಂದು ಒಂದೂವರೆ ತುಂಡು ತಿಂದರೆ ಸಕ್ಕರೆ ಹದಿನಾರೂವರೆ ಗ್ರಾಂಗೆ ಬಂತು, ಕ್ಯಾಲೊರಿ ಒಂದೂವರೆ ಪಟ್ಟು ಆಯಿತು. ಹಳೆಯ ಮೈಸೂರು ಪಾಕಿನ ಅರ್ಧ ತುಂಡಿನಲ್ಲಿರುವುದು ಎಂಟು ಗ್ರಾಂ ಸಕ್ಕರೆ, ನೂರಿಪ್ಪತ್ತು ಕ್ಯಾಲೊರಿ. ಹೊಸದರ ಪೂರ್ತಿ ತುಂಡಿಗೆ ಹೋಲಿಸಿದರೆ ಎರಡು ಲೆಕ್ಕದಲ್ಲೂ ಅದೇ ಗೆಲ್ಲುತ್ತದೆ. ಹೊಸ ತಿಂಡಿ ಮಾರಲು ಹೊರಟವನು ಇದನ್ನು ಹೇಳಬಾರದು ಎಂದು ನನ್ನ ತಮ್ಮ ಎನ್ನುತ್ತಾನೆ. ಅರ್ಧ ತುಂಡಿಗೇ ನಿಲ್ಲಿಸಬಲ್ಲವರು ಎಷ್ಟು ಜನ ಇದ್ದಾರೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ರುಚಿಯ ವಿಷಯದಲ್ಲಿ ಮುಚ್ಚುಮರೆ ಬೇಡ. ಒಂದೆಳೆ ಪಾಕಕ್ಕೆ ಹಿಟ್ಟು ಬಿದ್ದು, ಕಾದ ತುಪ್ಪವನ್ನು ಸೌಟಿನಲ್ಲಿ ಸುರಿಯುತ್ತಾ ಹೋದಾಗ ಇಡೀ ಮುದ್ದೆ ನೊರೆಯೆದ್ದು ಉಬ್ಬುತ್ತದೆ. ಆ ಉಬ್ಬೇ ತುಂಡಿನ ಒಳಗಿನ ಸಣ್ಣ ಸಣ್ಣ ರಂಧ್ರಗಳು. ಪಾಕ ಕಡಿಮೆಯಾದರೆ ಆವಿ ಕಡಿಮೆ, ಉಬ್ಬು ಕಡಿಮೆ. ಹೊಸ ಮೈಸೂರು ಪಾಕನ್ನು ಮುರಿದು ನೋಡಿದರೆ ಒಳಗೆ ರಂಧ್ರಗಳು ವಿರಳವಾಗಿವೆ, ಅಂಚು ಬೇಗ ಪುಡಿಯಾಗುತ್ತದೆ, ನಾಲಿಗೆಗೆ ಮೊದಲು ತಾಗುವುದು ಹುರಿದ ಕಡಲೆಹಿಟ್ಟಿನ ಘಮ, ಸಿಹಿ ನಂತರ ಬರುತ್ತದೆ. ಹಿಟ್ಟು ಹಸಿ ಉಳಿದರೆ ಹಳೆಯ ಅಳತೆಯಲ್ಲಿ ಸಕ್ಕರೆ ಅದನ್ನು ಮುಚ್ಚಿಬಿಡುತ್ತಿತ್ತು. ಇಲ್ಲಿ ಆ ರಕ್ಷಣೆ ಇಲ್ಲ, ಹಾಗಾಗಿ ಹಿಟ್ಟನ್ನು ಮೊದಲೇ ಬೇರೆಯಾಗಿ ಹದವಾಗಿ ಹುರಿದುಕೊಳ್ಳುತ್ತೇವೆ. ತುಂಡು ಬಾಯಲ್ಲಿ ಅಂಟಂಟಾಗಿ, ಹಸಿ ವಾಸನೆ ಬರುವಂತಿದ್ದರೆ ಅದು ನಮ್ಮ ಕೆಲಸದ ದೋಷ, ಸಕ್ಕರೆ ಕಡಿಮೆಯಾದದ್ದರ ಅನಿವಾರ್ಯ ಫಲವಲ್ಲ. ವಾಪಸ್ ತನ್ನಿ.

ಪೇಡ: ಹಾಲಿನೊಳಗಿನ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ

«ಶುಗರ್ ಫ್ರೀ ಪೇಡ ಇದೆಯೇ?» ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಮಾಮೂಲಿ ಖೋವಾದಿಂದ ಅಂಥ ಪೇಡ ಮಾಡಲು ಸಾಧ್ಯವಿಲ್ಲ. ಎಷ್ಟು ಹಣ ಕೊಟ್ಟರೂ ಸಾಧ್ಯವಿಲ್ಲ.

ಕಾರಣ ಸರಳವಾಗಿದೆ. ಒಂದು ಕಿಲೋ ಖೋವಾಕ್ಕೆ ಹೆಚ್ಚುಕಡಿಮೆ ಐದು ಲೀಟರ್ ಹಾಲು ಬೇಕು. ಪ್ರತಿ ಲೀಟರ್ ಹಾಲಿನಲ್ಲೂ ಸುಮಾರು 46 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಹಾಲನ್ನು ಕುದಿಸಿ ಇಂಗಿಸುವಾಗ ನೀರು ಹೋಗುತ್ತದೆ, ಲ್ಯಾಕ್ಟೋಸ್ ಬಾಣಲೆಯಲ್ಲೇ ಉಳಿಯುತ್ತದೆ. ಐದು ಲೀಟರಿನದು ಸೇರಿ 230 ಗ್ರಾಂ. ಒಂದು ಕಣ ಸಕ್ಕರೆ ಬೀಳುವ ಮೊದಲೇ ಖೋವಾದ ಕಾಲು ಭಾಗದಷ್ಟು ಸಕ್ಕರೆ. ಶುಗರ್ ಫ್ರೀ ಎನ್ನಲು ಇರಬೇಕಾದದ್ದು ಅರ್ಧ ಗ್ರಾಂ, ಇಲ್ಲಿರುವುದು ಇಪ್ಪತ್ಮೂರು. ಲ್ಯಾಕ್ಟೋಸ್ ಕೂಡ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗುತ್ತದೆ. ಬಿಳಿ ಸಕ್ಕರೆಯಷ್ಟು ಬೇಗ ರಕ್ತದ ಮಟ್ಟವನ್ನು ಏರಿಸುವುದಿಲ್ಲ, ಆದರೆ ಏರಿಸುತ್ತದೆ. ರಸಗುಲ್ಲದ ಕಥೆ ಬೇರೆ: ಹಾಲು ಒಡೆದು ಛೇನಾ ಮಾಡುವಾಗ ಲ್ಯಾಕ್ಟೋಸಿನ ಬಹುಪಾಲು ನೀರಿನ ಜೊತೆ ಸೋರಿ ಹೋಗುತ್ತದೆ. ಆಮೇಲೆ ಅದನ್ನು ಸಕ್ಕರೆ ಪಾಕದಲ್ಲಿ ಮುಳುಗಿಸುತ್ತೇವೆ ಎಂಬುದು ಇನ್ನೊಂದು ಮಾತು.

ನಮ್ಮ ಮಾಮೂಲಿ ಪೇಡಕ್ಕೆ ಕಿಲೋ ಖೋವಾಕ್ಕೆ ಮುನ್ನೂರು ಗ್ರಾಂ ಸಕ್ಕರೆ. ಕಾಯಿಸಿ ಇಳಿಸುವಾಗ ಒಂದೂಕಾಲು ಕಿಲೋ ಬರುತ್ತದೆ. ಸೇರಿಸಿದ್ದು ಮತ್ತು ಹಾಲಿನದು ಸೇರಿ ನೂರು ಗ್ರಾಂಗೆ ಸುಮಾರು 42 ಗ್ರಾಂ ಸಕ್ಕರೆ. ಹೊಸ ಪೇಡಕ್ಕೆ ಸಕ್ಕರೆ ಬೀಳುವುದಿಲ್ಲ. ಖೋವಾವನ್ನೇ ಇನ್ನಷ್ಟು ಕಾಯಿಸಿ ಒಂಬೈನೂರ ಮೂವತ್ತು ಗ್ರಾಂಗೆ ತರುತ್ತೇವೆ, ಆಗ ಅದು ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ನೂರು ಗ್ರಾಂಗೆ ಸುಮಾರು 25 ಗ್ರಾಂ, ಎಲ್ಲವೂ ಹಾಲಿನದೇ. ಇಪ್ಪತ್ತು ಗ್ರಾಂನ ಒಂದು ಪೇಡಕ್ಕೆ ಎಂಟೂ ಚಿಲ್ಲರೆಯ ಬದಲು ಐದು ಗ್ರಾಂ. ಇದು ನಿಜವಾದ ಇಳಿಕೆ, 40 ಶೇಕಡಾ. ಮೂರು ತಟ್ಟೆಗಳಲ್ಲಿ ಸಕ್ಕರೆಯ ಮಟ್ಟಿಗೆ ಹೆಚ್ಚು ಉಳಿಸುವುದು ಇದೇ. ಕ್ಯಾಲೊರಿ ಮಾತ್ರ ಇಲ್ಲೂ ಮೊಂಡು: ಖೋವಾ ಇನ್ನಷ್ಟು ಗಟ್ಟಿಯಾದ್ದರಿಂದ ಹಾಲಿನ ಕೊಬ್ಬು ಒತ್ತಾಗಿ, ನೂರು ಗ್ರಾಂಗೆ 430ರ ಆಸುಪಾಸಿನಲ್ಲಿದ್ದದ್ದು 450 ದಾಟಿದೆ.

ಸಿಹಿ ಬರುವುದು ಸುಕ್ರಲೋಸ್‌ನಿಂದ. ಅದು ಸಕ್ಕರೆಯ ಆರುನೂರು ಪಟ್ಟು ಸಿಹಿ. ಮುನ್ನೂರು ಗ್ರಾಂ ಸಕ್ಕರೆಯ ಕೆಲಸಕ್ಕೆ ಅರ್ಧ ಗ್ರಾಂ ಸಾಕಾಗುತ್ತದೆ, ಮತ್ತು ಹಾಕಬಹುದಾದ ಪ್ರಮಾಣಕ್ಕೆ ಕಾನೂನಿನ ಮಿತಿಯೂ ಇದೆ. ಅರ್ಧ ಗ್ರಾಂ ಪುಡಿಯನ್ನು ಒಂದು ಕಿಲೋ ಖೋವಾದ ಎಲ್ಲ ಕಡೆಗೂ ಸಮವಾಗಿ ಹರಡುವುದು ಆಟದ ಮಾತಲ್ಲ. ಒಣ ಪುಡಿಯನ್ನೇ ಉದುರಿಸಿದರೆ ಒಂದು ಪೇಡ ಸಪ್ಪೆ, ಮುಂದಿನದು ಕಹಿ ಬರುವಷ್ಟು ಸಿಹಿ. ಸ್ವಲ್ಪ ಬೆಚ್ಚಗಿನ ಹಾಲಿನಲ್ಲಿ ಕರಗಿಸಿ, ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆ ನಾದಬೇಕು. ಒಲೆಯ ಮೇಲೆಯೇ ಹಾಕಿ ಕಾಯಿಸುವುದು ಸರಿಯಲ್ಲ, ಹೆಚ್ಚು ಉಷ್ಣದಲ್ಲಿ ಸುಕ್ರಲೋಸ್ ಒಡೆಯಲು ತೊಡಗುತ್ತದೆ. ಧಾರವಾಡ ಪೇಡದ ಹಾಗೆ ಬಹಳ ಹೊತ್ತು ಹುರಿದು ಕೆಂಪಗಾಗಿಸುವ ಬಗೆಗೆ ಇದನ್ನು ನಾವು ಬಳಸದಿರಲು ಅದೂ ಒಂದು ಕಾರಣ.

ಅಂಗಡಿಯಲ್ಲಿ ಸಿಗುವ, ಚಮಚಕ್ಕೆ ಚಮಚ ಸಕ್ಕರೆಯಂತೆ ಅಳೆಯಬಹುದಾದ ಬದಲಿ ಪುಡಿಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಸುಕ್ರಲೋಸ್ ಚಿಟಿಕೆಯಷ್ಟು, ಉಳಿದದ್ದು ಗಾತ್ರ ತುಂಬಲು ಹಾಕುವ ಪುಡಿ, ಅನೇಕ ವೇಳೆ ಮಾಲ್ಟೋಡೆಕ್ಸ್‌ಟ್ರಿನ್. ಸಕ್ಕರೆಯ ಕಾಲಂನಲ್ಲಿ ಅದು ಹೆಚ್ಚು ಕಡೆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ರಕ್ತದಲ್ಲಿ ಗ್ಲೂಕೋಸನ್ನು ಬೇಗನೆ ಏರಿಸುತ್ತದೆ. ಕಾಫಿಗೆ ಒಂದು ಚಿಟಿಕೆ ಹಾಕಿದರೆ ಗಣನೆಗೆ ಬಾರದು. ಮನೆಯಲ್ಲಿ ಬಟ್ಟಲುಗಟ್ಟಲೆ ಸುರಿದು ಬರ್ಫಿ ಮಾಡುವವರು ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದಲಿ.

ಸಿಹಿಕಾರಕದ ಭಯವನ್ನೂ ಭರವಸೆಯನ್ನೂ ಎರಡನ್ನೂ ಸ್ವಲ್ಪ ತಗ್ಗಿಸಿಕೊಳ್ಳಬಹುದು. ಸುಕ್ರಲೋಸ್ ಅನುಮತಿ ಪಡೆದ ಪದಾರ್ಥ. ಆದರೆ ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ಆಶ್ರಯಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿತು. ಸ್ಟೀವಿಯಾ ಕೂಡ ಅದರಲ್ಲಿ ಸೇರಿದೆ. ಆ ಸಲಹೆ ಮೊದಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಅದೇ ಸಂಸ್ಥೆ ಹೇಳಿದೆ. ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಸಾಲನ್ನು ನಮ್ಮ ಪೇಡದ ಡಬ್ಬಿಯ ಮುಂಭಾಗದಲ್ಲೇ ಹಾಕಿದ್ದೇವೆ. ಮಕ್ಕಳಿಗೆ ಮಾಮೂಲಿ ಪೇಡ ಒಂದನ್ನು ಕೊಡಿ, ಎರಡನೆಯದನ್ನು ಕೊಡಬೇಡಿ. ಅದಕ್ಕಿಂತ ಉತ್ತಮ ಉಪಾಯ ನನಗೆ ಕಂಡಿಲ್ಲ.

ಮಾಲ್ಟಿಟಾಲ್ ಎಂಬ ಇನ್ನೊಂದು ಸಿಹಿಕಾರಕ ಬಳಸಿ ಎಂದು ಸರಬರಾಜುದಾರರು ಬೆನ್ನು ಹತ್ತಿದ್ದರು. ಗಾತ್ರ, ಸಿಹಿ, ಪಾಕ ಎಲ್ಲವೂ ಸಕ್ಕರೆಯ ಹತ್ತಿರಕ್ಕೆ ಬರುವುದರಿಂದ ತಯಾರಿಸುವವರಿಗೆ ಅದು ಬಹಳ ಅನುಕೂಲ. ಕ್ಯಾಲೊರಿ ಸಕ್ಕರೆಯ ಅರ್ಧದಷ್ಟು ಉಳಿದೇ ಇರುತ್ತದೆ, ರಕ್ತದ ಸಕ್ಕರೆಯನ್ನೂ ಕೊಂಚ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಹಬ್ಬದ ದಿನ ಮನೆಗೆ ಬಂದ ನೆಂಟರೆಲ್ಲ ಮೂರು ಮೂರು ತುಂಡು ತಿನ್ನುವ ಊರಿನಲ್ಲಿ ನಾವು ಅದರ ಸಹವಾಸ ಬೇಡ ಎಂದೆವು. ಬೇರೆಡೆ ಕೊಳ್ಳುವ «ಶುಗರ್ ಫ್ರೀ» ಬರ್ಫಿಯಲ್ಲಿ ಪಾಲಿಯಾಲ್ ಎಂಬ ಶಬ್ದ ಇದ್ದರೆ ಇದೇ ಗುಂಪಿನದು ಎಂದು ತಿಳಿಯಿರಿ.

ಖರ್ಜೂರದ ಉಂಡೆ ಮತ್ತು ಬೆಲ್ಲದ ನಂಬಿಕೆ

ಮೂರರಲ್ಲಿ ಹೆಚ್ಚು ಓಡುವುದು ಇದೇ ಎಂದು ಈಗಲೇ ಹೇಳಬಲ್ಲೆ. ನೋಡಿದರೇ ಆರೋಗ್ಯ ಎನ್ನಿಸುವ ಬಣ್ಣ ಅದಕ್ಕಿದೆ. ಕಿಲೋ ಉಂಡೆಗೆ ಆರುನೂರು ಗ್ರಾಂ ಬೀಜ ತೆಗೆದ ಖರ್ಜೂರ, ಮುನ್ನೂರ ಐವತ್ತು ಗ್ರಾಂ ಬಾದಾಮಿ, ಗೋಡಂಬಿ, ಶೇಂಗಾ, ಐವತ್ತು ಗ್ರಾಂ ತುಪ್ಪ. ಬೇರೇನೂ ಇಲ್ಲ.

ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೇ. ಹಾಗಾಗಿ ನೂರು ಗ್ರಾಂ ಉಂಡೆಯಲ್ಲಿ ನಲವತ್ತು ಗ್ರಾಂ ಸಕ್ಕರೆ ಇದೆ. ನಮ್ಮ ಹಳೆಯ ಮೈಸೂರು ಪಾಕಿನಲ್ಲಿ ಎಷ್ಟಿದೆಯೋ ಅಷ್ಟೇ. ನಾರಿನಂಶ ಚೆನ್ನಾಗಿದೆ, ಬೀಜಗಳ ಸತ್ವ ಇದೆ, ಕ್ಯಾಲೊರಿ ಮೈಸೂರು ಪಾಕಿಗಿಂತ ಸುಮಾರು ನೂರೈವತ್ತು ಕಡಿಮೆ. ಇವೆಲ್ಲ ನಿಜವಾದ ಗುಣಗಳು. ಸಕ್ಕರೆ ಕಡಿಮೆ ಎಂಬುದು ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಸಕ್ಕರೆಯ ಬದಲಿಗೆಂದೇ ಒಣಹಣ್ಣಿನ ಮುದ್ದೆಯನ್ನು ಹಾಕಿದ ತಿನಿಸಿಗೆ «ಸಕ್ಕರೆ ಸೇರಿಸಿಲ್ಲ» ಎಂದು ಬರೆಯುವುದನ್ನು ನಿಯಮವೂ ಒಪ್ಪುವುದಿಲ್ಲ. ಆದ್ದರಿಂದ ಈ ತಟ್ಟೆಯ ಮುಂದಿನ ಚೀಟಿಯಲ್ಲಿ «ಖರ್ಜೂರದ ಉಂಡೆ» ಎಂದಷ್ಟೇ ಇದೆ. ಸಕ್ಕರೆ ಕಡಿಮೆಯ ತಿಂಡಿಗಳ ಪಕ್ಕದಲ್ಲಿ ಅದನ್ನು ಏಕೆ ಇಟ್ಟಿದ್ದೀರಿ ಎಂದು ಕೇಳಿದರೆ, ಕೇಳುವವರು ಅಲ್ಲೇ ಹುಡುಕುತ್ತಾರೆ ಎಂಬುದೇ ಉತ್ತರ. ಹುಡುಕಿದವರು ಈ ಚೀಟಿಯನ್ನೂ ಓದಲಿ.

ಬೆಲ್ಲದ ಬಗ್ಗೆ ಎರಡೇ ಸಾಲು. ಬೆಲ್ಲದ ತೂಕದಲ್ಲಿ ಎಂಬತ್ತರಿಂದ ತೊಂಬತ್ತು ಶೇಕಡಾ ಸಕ್ಕರೆಯೇ, ಉಳಿದದ್ದು ತೇವ ಮತ್ತು ಒಂದಿಷ್ಟು ಖನಿಜ. ಬೆಲ್ಲದ ಹೋಳಿಗೆ, ಕರದಂಟು ರುಚಿಗಾಗಿ ತಿನ್ನಬೇಕಾದವು, ಅವುಗಳನ್ನು ಮಧುಮೇಹದ ಪಥ್ಯ ಎಂದು ಕಟ್ಟಿಸಿಕೊಳ್ಳಬೇಡಿ.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು

ಮಧುಮೇಹ ಹತೋಟಿಯಲ್ಲಿದ್ದು, ವೈದ್ಯರು ಹಬ್ಬಕ್ಕೆ ಸ್ವಲ್ಪ ಸಿಹಿ ತಿನ್ನಲು ಅಡ್ಡಿಯಿಲ್ಲ ಎಂದಿದ್ದರೆ, ಹೊಸ ಪೇಡ ಒಂದು. ಊಟದ ಕೊನೆಗೆ, ಆ ಊಟದ ಅನ್ನ ಒಂದು ಹಿಡಿ ಕಡಿಮೆ ಮಾಡಿಕೊಂಡು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟಕ್ಕೆ ಮೊದಲೊಮ್ಮೆ, ಎರಡು ಗಂಟೆಯ ನಂತರ ಒಮ್ಮೆ ನೋಡಿ. ಅದೇ ಊಟವನ್ನು ಪೇಡವಿಲ್ಲದೆ ಮಾಡಿದ ದಿನದ ಅಂಕಿಯೊಂದಿಗೆ ಹೋಲಿಸಿದರೆ ನಮ್ಮ ಚೀಟಿಗಿಂತ ನಿಮ್ಮ ಬೆರಳ ತುದಿಯೇ ಹೆಚ್ಚು ಹೇಳುತ್ತದೆ. ಮೈಸೂರು ಪಾಕ್ ತಿಂದಾಗ ಒಂದು ಎಚ್ಚರ ಬೇಕು: ತುಪ್ಪದ ಭಾರಕ್ಕೆ ಜೀರ್ಣವಾಗುವುದು ನಿಧಾನವಾಗಿ, ಎರಡು ಗಂಟೆಯ ಅಂಕಿ ಚೆನ್ನಾಗಿ ಕಂಡು ಆಮೇಲೆ ಏರಬಹುದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಇದ್ದಕ್ಕಿದ್ದಂತೆ ಕೈ ನಡುಗಿ, ಬೆವರು ಬಂದು, ತಲೆ ತಿರುಗಿದಾಗ, ಅಂದರೆ ರಕ್ತದ ಸಕ್ಕರೆ ಇಳಿದಾಗ, ಕೈಗೆ ಸಿಕ್ಕಿದ ಸಿಹಿಯನ್ನು ಬಾಯಿಗೆ ಹಾಕುವುದು ರೂಢಿ. ಸಕ್ಕರೆ ಸೇರಿಸದ ಪೇಡ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ನಾಲಿಗೆಗೆ ಸಿಹಿ ಎನ್ನಿಸುತ್ತದೆ, ರಕ್ತಕ್ಕೆ ಬೇಕಾದ ಗ್ಲೂಕೋಸ್ ಬೇಗ ತಲುಪುವುದಿಲ್ಲ. ಕೊಬ್ಬು ತುಂಬಿದ ಮಾಮೂಲಿ ಸಿಹಿತಿಂಡಿಯೂ ಆಗ ನಿಧಾನವೇ. ಗ್ಲೂಕೋಸ್ ಪುಡಿ ಅಥವಾ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಬೇಕು. ಹೊಸ ಪೇಡದ ಡಬ್ಬಿಯನ್ನು ಮಾಮೂಲಿ ಸಿಹಿಯ ಡಬ್ಬಿಯೊಂದಿಗೆ ಬೆರೆಸಿ ಇಡಬೇಡಿ ಎಂದು ನಾವು ಹೇಳುವುದು ಇದಕ್ಕಾಗಿ. ಡಬ್ಬಿಯ ಬಣ್ಣವನ್ನೂ ಬೇರೆ ಮಾಡಿಸಿದ್ದೇವೆ.

ತೂಕ ಇಳಿಸಬೇಕೆನ್ನುವವರಿಗೆ ಮೂರು ತಟ್ಟೆಗಳಲ್ಲಿ ಒಂದೂ ಬೇಡ. ಹಳೆಯ ಮೈಸೂರು ಪಾಕಿನ ಅರ್ಧ ತುಂಡು ತಿಂದು ಡಬ್ಬಿ ಮುಚ್ಚಿ. ಸಿಹಿ ಕಡಿಮೆ ಇದ್ದರೆ ಚೆನ್ನ ಎನ್ನುವ, ಬೇರೆ ತೊಂದರೆ ಇಲ್ಲದವರಿಗೆ ಹೊಸ ಮೈಸೂರು ಪಾಕ್ ಹಿಡಿಸುತ್ತದೆ. ನಿಜ ಹೇಳಬೇಕೆಂದರೆ ಅದನ್ನು ನಾನು ಆರೋಗ್ಯಕ್ಕಿಂತ ರುಚಿಗಾಗಿ ತಿನ್ನುತ್ತೇನೆ. ಯಾರಿಗೆ ಏನು ಕಾಯಿಲೆ ಎಂದು ಗೊತ್ತಿಲ್ಲದ ಮನೆಗೆ ಉಡುಗೊರೆ ಕಳಿಸುವುದಾದರೆ ಮಾಮೂಲಿ ಸಿಹಿಯನ್ನೇ ಚಿಕ್ಕ ಡಬ್ಬಿಯಲ್ಲಿ ಕಳಿಸಿ. ಸಿಹಿಕಾರಕ ಹಾಕಿದ್ದನ್ನು ಹೇಳದೆ ಕೊಡುವುದು ಸರಿಯಲ್ಲ, ಆ ಮನೆಯಲ್ಲಿ ಮಕ್ಕಳೂ ಇರಬಹುದು.

ಬೆಲೆಯ ಬಗ್ಗೆಯೂ ಕೇಳುತ್ತೀರಿ. ಹೊಸ ಮೈಸೂರು ಪಾಕಿಗೆ ಕಿಲೋಗೆ ಇಪ್ಪತ್ತು ರೂಪಾಯಿ ಮಾತ್ರ ಹೆಚ್ಚು. ಸಿಹಿತಿಂಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪದಾರ್ಥ ಸಕ್ಕರೆಯೇ, ಅದನ್ನು ತೆಗೆದಾಗ ಉಳಿದವುಗಳ ಪಾಲು ಹೆಚ್ಚಿ ಖರ್ಚು ತುಸು ಏರುತ್ತದೆ. ಆದರೆ ಹಿಟ್ಟು ಹೆಚ್ಚಿಸಿ ತುಪ್ಪದ ಪಾಲನ್ನು ಇದ್ದಷ್ಟಕ್ಕೇ ನಿಲ್ಲಿಸಿದರೆ ಆ ಏರಿಕೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಮೀರುವುದಿಲ್ಲ. ಪೇಡ ಮಾತ್ರ ನಿಜವಾಗಿಯೂ ದುಬಾರಿ: ಕಿಲೋ ಖೋವಾದಿಂದ ಒಂದೂಕಾಲು ಕಿಲೋ ಬರುತ್ತಿದ್ದಲ್ಲಿ ಈಗ ಒಂದು ಕಿಲೋ ಕೂಡ ಬರುವುದಿಲ್ಲ.

ಇಟ್ಟುಕೊಳ್ಳುವ ರೀತಿಯೂ ಬೇರೆ. ಸಕ್ಕರೆ ನೀರನ್ನು ಹಿಡಿದಿಟ್ಟು ಬೂಷ್ಟು ಬೆಳೆಯದಂತೆ ತಡೆಯುತ್ತದೆ, ಆ ಕಾವಲು ಹೊಸ ಪೇಡಕ್ಕೆ ಇಲ್ಲ. ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ದಿನ. ಫ್ರಿಜ್‌ನಿಂದ ತೆಗೆದಾಗ ಅಂಚು ಬಿರಿದು ಗಟ್ಟಿಯಾಗಿದ್ದರೆ ಕೆಟ್ಟಿದೆ ಎಂದಲ್ಲ, ಹತ್ತು ನಿಮಿಷ ಹೊರಗಿಟ್ಟರೆ ಸಡಿಲವಾಗುತ್ತದೆ. ಮೇಲ್ಮೈ ಜಿಗುಟಾಗಿ ಹುಳಿ ವಾಸನೆ ಬಂದರೆ, ಅಥವಾ ಎರಡು ಪೇಡ ತಾಗಿಕೊಂಡ ಜಾಗದಲ್ಲಿ ಬಿಳಿ ಇಲ್ಲವೇ ಹಸಿರು ಚುಕ್ಕೆ ಕಂಡರೆ ಇಡೀ ಡಬ್ಬಿಯನ್ನು ಎಸೆಯಿರಿ. ಮೈಸೂರು ಪಾಕಿನಲ್ಲಿ ತುಪ್ಪ ಸಾಕಷ್ಟಿದ್ದು ತೇವ ಕಡಿಮೆ ಇರುವುದರಿಂದ ಹೊಸದನ್ನೂ ಒಂದು ವಾರ ಹೊರಗೇ ಇಡಬಹುದು.

ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ ನಮ್ಮ ಅಳತೆಯಿಂದ ಹಾಕಿದ ಲೆಕ್ಕಗಳು, ಪ್ರಯೋಗಾಲಯದ ವರದಿಯಲ್ಲ. ಹಾಲು ಬದಲಾದರೆ ಲ್ಯಾಕ್ಟೋಸ್ ಒಂದೆರಡು ಗ್ರಾಂ ಹೆಚ್ಚುಕಡಿಮೆಯಾಗುತ್ತದೆ, ಖರ್ಜೂರದ ತಳಿ ಬದಲಾದರೂ ಹಾಗೆಯೇ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕಳಿಸುತ್ತಿದ್ದೇವೆ. ವರದಿ ಬಂದ ದಿನ ತಟ್ಟೆಯ ಚೀಟಿಯಲ್ಲಿ ಅಂಕಿ ಬದಲಾಗಿದ್ದರೆ ಗಾಬರಿಯಾಗಬೇಡಿ, ಯಾವುದು ಏಕೆ ಬದಲಾಯಿತು ಎಂದು ಗಲ್ಲಾದಲ್ಲಿ ಕೂತವರನ್ನು ಕೇಳಿ. ಪದಾರ್ಥಗಳ ತೂಕ ಬರೆದ ಹಾಳೆ ಅವರ ಕೈಯಲ್ಲೇ ಇರುತ್ತದೆ. ಹೊಸ ಪೇಡ ಮತ್ತು ಮೈಸೂರು ಪಾಕ್ ಸದ್ಯಕ್ಕೆ ಕಾಲು ಕಿಲೋ ಡಬ್ಬಿಯಲ್ಲಿ ಮಾತ್ರ ಸಿಗುತ್ತವೆ. ಅರ್ಧ ಕಿಲೋ ಕೇಳಿದವರಿಗೆ ಮೊದಲು ಒಂದು ತುಂಡು ರುಚಿಗೆ ಕೊಡುತ್ತೇವೆ.